ಹಳೇ ಲ್ಯಾಪ್‌ಟಾಪಿನಿಂದ ಟೈಪ್ ಸಿ ಲ್ಯಾಪ್‌ಟಾಪಿಗೆ: ಯಾವ ಕೇಬಲ್ ಉಳಿಸಬೇಕು, ಯಾವುದನ್ನು ಬದಲಿಸಬೇಕು

ಹೊಸ ಲ್ಯಾಪ್‌ಟಾಪ್ ತಂದವರ ದೂರು ಹೆಚ್ಚು ಕಡಿಮೆ ಒಂದೇ ಥರ ಇರುತ್ತದೆ. ಚಾರ್ಜರ್ ಸಿಕ್ಕಿಸಿದರೂ ಬ್ಯಾಟರಿ ಇಳಿಯುತ್ತದೆ. ಹಾರ್ಡ್ ಡಿಸ್ಕ್ ಮೊದಲಿಗಿಂತ ನಿಧಾನ. ಪ್ರೊಜೆಕ್ಟರಿನಲ್ಲಿ ಚಿತ್ರ ಬರುವುದೇ ಇಲ್ಲ. ಕೇಳಿದರೆ, "ಪಿನ್ ಸರಿಯಾಗಿ ಕೂತಿದೆಯಲ್ಲ?" ಎನ್ನುತ್ತಾರೆ. ಪಿನ್ ಕೂರುವುದು ಹೌದು. ಆದರೆ ಟೈಪ್ ಸಿ ಎಂಬುದು ಬರೀ ಬಾಯಿಯ ಆಕಾರ. ತೋಟದಲ್ಲಿ ಎರಡು ಪೈಪಿನ ಬಾಯಿ ಒಂದೇ ಅಳತೆ ಇದ್ದರೂ ಒಂದರಲ್ಲಿ ಪಂಪಿನ ನೀರು, ಇನ್ನೊಂದರಲ್ಲಿ ಟ್ಯಾಂಕಿಯ ನೀರು ಬರಬಹುದಲ್ಲ, ಹಾಗೆ.

ಈ ಮಾರ್ಗದರ್ಶಿಗೆ ಒಂದೇ ಉದಾಹರಣೆ ಹಿಡಿದುಕೊಳ್ಳೋಣ. ಕಾಸರಗೋಡಿನ ಬದಿಯಡ್ಕ ಪೇಟೆಯಲ್ಲಿ ಒಂದು ಸಣ್ಣ ಡಿಟಿಪಿ ಅಂಗಡಿ ಇದೆ ಎಂದುಕೊಳ್ಳಿ. ಮದುವೆ ಕಾಗದ, ಶಾಲೆಯ ಪ್ರಶ್ನೆಪತ್ರಿಕೆ, ಆನ್‌ಲೈನ್ ಅರ್ಜಿ, ಜೆರಾಕ್ಸ್ ಅಲ್ಲಿನ ಕೆಲಸ. ಹಳೇ ಲ್ಯಾಪ್‌ಟಾಪಿಗೆ ಉರುಟು ಪಿನ್ನಿನ ಚಾರ್ಜರ್, ಮೂರು ಚಪ್ಪಟೆ ಯುಎಸ್‌ಬಿ ಪೋರ್ಟ್, ವಿಜಿಎ, ಲ್ಯಾನ್ ಎಲ್ಲ ಇತ್ತು. ಹೊಸದರಲ್ಲಿ ಇರುವುದು ಎರಡೇ ಟೈಪ್ ಸಿ ಪೋರ್ಟ್ ಮತ್ತು ಒಂದು ಇಯರ್‌ಫೋನ್ ತೂತು. ಅಂಗಡಿಯಲ್ಲಿ ಪ್ರಿಂಟರ್, ಹೊರಗಿನ ಹಾರ್ಡ್ ಡಿಸ್ಕ್, ವಿಜಿಎ ಮಾನಿಟರ್, ಬೆರಳಿನ ಗುರುತು ತೆಗೆದುಕೊಳ್ಳುವ ಬೆರಳಚ್ಚು ಯಂತ್ರ, ವೈರ್‌ಲೆಸ್ ಮೌಸ್, ಫೈಬರ್ ಮೋಡೆಮಿನಿಂದ ಬರುವ ಲ್ಯಾನ್ ವಯರ್ ಇವೆ. ಗಿರಾಕಿಗಳು ತರುವ ಪೆನ್ ಡ್ರೈವ್, ಮೊಬೈಲುಗಳು ಬೇರೆ.

ನಿಮ್ಮ ಮನೆಯ ಪಟ್ಟಿ ಇದಕ್ಕಿಂತ ಚಿಕ್ಕದಿರಬಹುದು. ಕೆಲಸದ ಕ್ರಮ ಮಾತ್ರ ಇದೇ.

## ಹಂತ 1: ಹಳೇ ಕೇಬಲುಗಳನ್ನು ಮೇಜಿನ ಮೇಲೆ ಹರಡಿ

ಅಂಗಡಿಗೆ ಹೋಗುವ ಮೊದಲು ಇದನ್ನು ಮಾಡಿ. ಒಂದೊಂದು ಸಾಧನದ ಹಿಂದೆ ಇರುವ ವಯರನ್ನು ಎಳೆದು ಎರಡೂ ತುದಿ ನೋಡಿ. ಲ್ಯಾಪ್‌ಟಾಪಿನ ಕಡೆಯ ತುದಿ ಬಹುತೇಕ ಚಪ್ಪಟೆ ಎ ಪಿನ್. ಸಾಧನದ ಕಡೆಯ ತುದಿಯಲ್ಲೇ ವ್ಯತ್ಯಾಸ ಇರುವುದು.

ಪ್ರಿಂಟರಿನ ಕಡೆ ಚೌಕಾಕಾರದ ದಪ್ಪ ಪಿನ್ ಇರುತ್ತದೆ. ಅದು ಟೈಪ್ ಬಿ. ಹಳೇ ಮೊಬೈಲ್, ಪವರ್ ಬ್ಯಾಂಕ್, ಬ್ಲೂಟೂತ್ ಸ್ಪೀಕರಿನಲ್ಲಿ ಇರುವ ಸಣ್ಣ ಪಿನ್ ಮೈಕ್ರೋ ಬಿ. ಹಾರ್ಡ್ ಡಿಸ್ಕಿನಲ್ಲಿ ಒಂದು ವಿಚಿತ್ರ ಪಿನ್ ಕಾಣುತ್ತದೆ. ಮೈಕ್ರೋ ಬಿ ಪಕ್ಕಕ್ಕೆ ಇನ್ನೊಂದು ತುಂಡು ಅಂಟಿಸಿದ ಹಾಗೆ ಅಗಲವಾಗಿರುತ್ತದೆ. ಅದು ಯುಎಸ್‌ಬಿ 3ರ ಮೈಕ್ರೋ ಬಿ. ಅದನ್ನು ಗುರುತಿಸಿ ಇಟ್ಟುಕೊಳ್ಳಿ, ಹಂತ 4ರಲ್ಲಿ ಬೇಕು.

ಈಗ ಒಂದು ಹಾಳೆಯಲ್ಲಿ ಸಾಧನದ ಹೆಸರು, ಅದರ ಕಡೆಯ ಪಿನ್, ಮತ್ತು ಆ ವಯರಿನಲ್ಲಿ ಮುಖ್ಯವಾಗಿ ಹರಿಯುವುದು ಏನು ಎಂದು ಬರೆಯಿರಿ. ಕರೆಂಟೋ, ಫೈಲೋ, ಚಿತ್ರವೋ? ಈ ಮೂರನೇ ಕಾಲಂ ಬರೆಯದವರೇ ಆಮೇಲೆ ತಪ್ಪು ಕೇಬಲ್ ತರುವುದು. ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರೆ ಇನ್ನೂ ಒಳ್ಳೆಯದು. ಮಂಗಳೂರಿನ ಅಂಗಡಿಯಲ್ಲಿ ನಿಂತು "ಅಣ್ಣ, ಈ ಪಿನ್ನಿಂದು ಕೊಡಿ" ಎಂದು ತೋರಿಸಬಹುದು.

## ಹಂತ 2: ಹೊಸ ಲ್ಯಾಪ್‌ಟಾಪಿನ ಪೋರ್ಟ್ ಏನು ಮಾಡುತ್ತದೆ ಎಂದು ಓದಿ

ಎರಡು ಟೈಪ್ ಸಿ ಪೋರ್ಟ್ ಅಕ್ಕಪಕ್ಕ ಇದ್ದರೂ ಎರಡೂ ಒಂದೇ ಕೆಲಸ ಮಾಡಬೇಕೆಂದಿಲ್ಲ. ಒಂದರಲ್ಲಿ ಚಾರ್ಜ್, ಚಿತ್ರ, ಫೈಲ್ ಮೂರೂ ಹೋಗಬಹುದು. ಇನ್ನೊಂದರಲ್ಲಿ ಬರೀ ಫೈಲ್.

ಪೋರ್ಟಿನ ಪಕ್ಕದ ಗುರುತು ನೋಡಿ. ಮಿಂಚಿನ ಬಾಣ ಇದ್ದರೆ ಸಾಮಾನ್ಯವಾಗಿ ಥಂಡರ್‌ಬೋಲ್ಟ್, ಅಂದರೆ ಎಲ್ಲವೂ ಆಗುತ್ತದೆ. ಇಂಗ್ಲಿಷಿನ ಪಿ ಮತ್ತು ಡಿ ಅಕ್ಷರ ಸೇರಿಸಿದ ಹಾಗಿನ ಗುರುತು ಇದ್ದರೆ ಚಿತ್ರ ಹೊರಬರುತ್ತದೆ. ಪ್ಲಗ್ ಅಥವಾ ಬ್ಯಾಟರಿಯ ಚಿತ್ರ ಇದ್ದರೆ ಕರೆಂಟಿನ ಸೂಚನೆ. ಆದರೆ ಕೆಲವು ಕಂಪನಿಗಳಲ್ಲಿ ಅದು "ಇಲ್ಲಿಂದ ಮೊಬೈಲ್ ಚಾರ್ಜ್ ಮಾಡಬಹುದು" ಎಂಬ ಅರ್ಥ. ಹಾಗಾಗಿ ಗುರುತನ್ನು ಪೂರ್ತಿ ನಂಬಬೇಡಿ. ಏನೂ ಗುರುತಿಲ್ಲದೆ ಎಲ್ಲ ಕೆಲಸ ಮಾಡುವ ಪೋರ್ಟುಗಳೂ ಇವೆ.

ನಂಬಬೇಕಾದದ್ದು ಕಂಪನಿಯ ವೆಬ್‌ಸೈಟಿನಲ್ಲಿ ನಿಮ್ಮ ಮಾಡೆಲಿನ ಪೂರ್ತಿ ವಿವರ. ಮಾಡೆಲ್ ನಂಬರ್ ಲ್ಯಾಪ್‌ಟಾಪಿನ ಅಡಿಯಲ್ಲಿ ಇರುತ್ತದೆ. ಆ ಪುಟದಲ್ಲಿ ಎರಡು ಪದ ಹುಡುಕಿ. `DisplayPort` ಇದ್ದರೆ ಮಾನಿಟರ್ ನಡೆಯುತ್ತದೆ. `Power Delivery` ಇದ್ದರೆ ಆ ಪೋರ್ಟಿಗೆ ಚಾರ್ಜಿನ ಭಾಷೆ ಗೊತ್ತು. ಯಾವುದಾದರೂ ಪೋರ್ಟಿನ ಮುಂದೆ `Data only` ಎಂದು ಕಂಡರೆ ಆ ಪೋರ್ಟಿನಿಂದ ಚಿತ್ರದ ಆಸೆ ಬಿಡಿ. ಯಾವ ಕೇಬಲ್ ತಂದರೂ ಆಗುವುದಿಲ್ಲ.

ಇಲ್ಲಿ ಹತ್ತು ನಿಮಿಷ ಕೂತು ಓದಿದರೆ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ. ನಮ್ಮ ಅಂಗಡಿಯ ಲ್ಯಾಪ್‌ಟಾಪಿನಲ್ಲಿ ಎರಡೂ ಪೋರ್ಟಿಗೆ ಚಾರ್ಜ್ ಇದೆ, ಎರಡರಲ್ಲೂ ಚಿತ್ರ ಬರುತ್ತದೆ ಎಂದುಕೊಂಡು ಮುಂದೆ ಹೋಗೋಣ.

## ಹಂತ 3: ಮೊದಲು ಕರೆಂಟು ಸರಿ ಮಾಡಿ

ಹಳೇ ಉರುಟು ಪಿನ್ನಿನ ಚಾರ್ಜರ್ ಇನ್ನು ಬೇಡ. ಅದನ್ನು ಟೈಪ್ ಸಿಗೆ ಬದಲಿಸುವ ಪುಟ್ಟ ಪಿನ್ನುಗಳು ಆನ್‌ಲೈನಿನಲ್ಲಿ ಸಿಗುತ್ತವೆ. ನಾನಂತೂ ಅಂಗಡಿಯ ಲ್ಯಾಪ್‌ಟಾಪಿಗೆ ಅದನ್ನು ಹಾಕಲು ಹೇಳುವುದಿಲ್ಲ. ಹಳೇ ಚಾರ್ಜರ್ ಯಾವಾಗಲೂ 19 ವೋಲ್ಟಿನಂತೆ ಒಂದೇ ವೋಲ್ಟೇಜ್ ಕೊಡುತ್ತದೆ. ಟೈಪ್ ಸಿ ಚಾರ್ಜರ್ ಹಾಗಲ್ಲ. ಅದು ಮೊದಲು 5 ವೋಲ್ಟಿನಲ್ಲಿ ಶುರುವಾಗಿ, ಲ್ಯಾಪ್‌ಟಾಪಿನ ಜೊತೆ ಮಾತಾಡಿ, 9, 15 ಅಥವಾ 20 ವೋಲ್ಟಿಗೆ ಏರುತ್ತದೆ. ಆ ಮಾತುಕತೆಯನ್ನು ನಡುವಿನ ಪುಟ್ಟ ಪಿನ್ನಿನೊಳಗಿನ ಚಿಪ್ ಸರಿಯಾಗಿ ನಡೆಸುತ್ತದೆ ಎಂಬ ಭರವಸೆ ಕಡಿಮೆ.

ಮುಂದಿನ ತಪ್ಪು ಮೊಬೈಲಿನ ಚಾರ್ಜರ್ ಹಾಕುವುದು. ಮೊಬೈಲ್ ಚಾರ್ಜರಿನ ಮೇಲೆ 33 ವ್ಯಾಟ್, 67 ವ್ಯಾಟ್ ಎಂದೆಲ್ಲ ಬರೆದಿರುತ್ತದೆ. ಅದರಲ್ಲಿ ಚಪ್ಪಟೆ ಎ ತೂತು ಇದ್ದರೆ ಆ ವೇಗ ಹೆಚ್ಚಾಗಿ ಅದೇ ಕಂಪನಿಯ ಮೊಬೈಲಿಗೆ ಮಾತ್ರ. ಲ್ಯಾಪ್‌ಟಾಪಿಗೆ ಸಿಗುವುದು 5 ವೋಲ್ಟ್, ಸುಮಾರು 10 ವ್ಯಾಟ್. ಚಾರ್ಜಿಂಗ್ ಚಿತ್ರ ಬಂದರೂ ಬ್ಯಾಟರಿ ಇಳಿಯುವುದು ಇದರಿಂದಲೇ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಆ ಚಿತ್ರವೂ ಬರುವುದಿಲ್ಲ. ಲ್ಯಾಪ್‌ಟಾಪಿಗೆ ಬೇಕಾದದ್ದು ಪವರ್ ಡೆಲಿವರಿ ಎಂದು ಬರೆದ, ಸಿ ತೂತಿನ ಚಾರ್ಜರ್. ಅದರ ಮೈಮೇಲಿನ ಸಣ್ಣ ಅಕ್ಷರದಲ್ಲಿ 20 ವೋಲ್ಟಿನ ಸಾಲು ಇದೆಯಾ ನೋಡಿ.

ಇನ್ನು ಕೇಬಲ್. ಇಲ್ಲಿ ತುಂಬ ಜನ ಎಡವುತ್ತಾರೆ. ಎರಡೂ ಕಡೆ ಸಿ ಇರುವ ಸಾದಾ ಕೇಬಲ್ 3 ಆಂಪಿಯರ್ ಹೊರುತ್ತದೆ. 20 ವೋಲ್ಟಿಗೆ 3 ಆಂಪಿಯರ್ ಅಂದರೆ 60 ವ್ಯಾಟ್. ಅದಕ್ಕಿಂತ ಜಾಸ್ತಿ ಬೇಕಾದರೆ ಕೇಬಲಿನ ತುದಿಯೊಳಗೆ ಒಂದು ಚಿಪ್ ಇರಬೇಕು. "ನಾನು 5 ಆಂಪಿಯರ್ ಹೊರಬಲ್ಲೆ" ಎಂದು ಚಾರ್ಜರಿಗೆ ಹೇಳುವುದು ಆ ಚಿಪ್. ಅದನ್ನು ಇ-ಮಾರ್ಕರ್ ಎನ್ನುತ್ತಾರೆ. ಅದಿಲ್ಲದಿದ್ದರೆ ಚಾರ್ಜರ್ ಎಷ್ಟೇ ದೊಡ್ಡದಿದ್ದರೂ 60 ವ್ಯಾಟಿಗೆ ನಿಲ್ಲುತ್ತದೆ. 65 ವ್ಯಾಟಿನ ಚಾರ್ಜರಿಗೆ ಇದರಿಂದ ದೊಡ್ಡ ನಷ್ಟ ಇಲ್ಲ. 100 ವ್ಯಾಟಿನದ್ದಕ್ಕೆ ಇದೆ. ಕೇಬಲಿನ ಮೇಲೆ 100 ಅಥವಾ 240 ವ್ಯಾಟ್ ಎಂದು ಅಚ್ಚಾಗಿದ್ದರೆ ಅದರಲ್ಲಿ ಈ ಚಿಪ್ ಇರಬೇಕು. ಈಗ ಹೊಸದಾಗಿ ತೆಗೆದುಕೊಳ್ಳುವುದಾದರೆ 240 ಬರೆದದ್ದೇ ತೆಗೆದುಕೊಳ್ಳಿ. ವಯರ್ ದಪ್ಪ ಇದೆ, ಮೇಲೆ ಬಟ್ಟೆಯ ಹೆಣಿಗೆ ಇದೆ ಎಂಬುದು ಏನನ್ನೂ ಹೇಳುವುದಿಲ್ಲ.

ಲ್ಯಾಪ್‌ಟಾಪಿನ ಜೊತೆ ಬಂದ ಚಾರ್ಜರ್ ಮತ್ತು ಕೇಬಲನ್ನೇ ಬಳಸುವುದಾದರೆ ಈ ಹಂತದಲ್ಲಿ ಖರ್ಚೇ ಇಲ್ಲ. ಅದರ ಮೇಲೆ ಒಂದು ಬಣ್ಣದ ಟೇಪು ಸುತ್ತಿ ಇಡಿ. ಮೊಬೈಲಿನ ಕೇಬಲ್ ಜೊತೆ ಬೆರೆತು ಹೋದರೆ ನೋಡಿ ಹೇಳುವುದು ಕಷ್ಟ.

## ಹಂತ 4: ಹಾರ್ಡ್ ಡಿಸ್ಕಿನ ಕೇಬಲ್ ಬದಲಿಸಿ

ಡಿಟಿಪಿ ಅಂಗಡಿಯಲ್ಲಿ ವರ್ಷಗಟ್ಟಲೆಯ ಫೈಲುಗಳು ಇದರಲ್ಲೇ ಇರುತ್ತವೆ. ಹಾಗಾಗಿ ಇಲ್ಲಿ ಉಳಿತಾಯ ನೋಡಬೇಡಿ.

ಬೇಕಾದದ್ದು ಒಂದು ಕಡೆ ಸಿ, ಇನ್ನೊಂದು ಕಡೆ ಆ ಅಗಲದ ಮೈಕ್ರೋ ಬಿ ಇರುವ, ವೇಗ 5 ಅಥವಾ 10 ಜಿಬಿಪಿಎಸ್ ಎಂದು ಬರೆದ ಕೇಬಲ್. ಉದ್ದ ಅರ್ಧ ಮೀಟರ್ ಸಾಕು. ಉದ್ದ ಜಾಸ್ತಿಯಾದಷ್ಟು ಡಿಸ್ಕಿಗೆ ತಲುಪುವ ವೋಲ್ಟೇಜ್ ಇಳಿಯುತ್ತದೆ.

ಎರಡು ಬಲೆಗಳಿವೆ. ಮೊದಲನೆಯದು, ಹಳೇ ಮೊಬೈಲಿನ ಸಾದಾ ಮೈಕ್ರೋ ಪಿನ್ ಆ ಅಗಲದ ತೂತಿನ ಅರ್ಧಕ್ಕೆ ಸರಿಯಾಗಿ ಕೂರುತ್ತದೆ. ಡಿಸ್ಕ್ ಓಡುತ್ತದೆ, ಫೈಲುಗಳು ಕಾಣುತ್ತವೆ. ಆದರೆ ಓಡುವುದು ಯುಎಸ್‌ಬಿ 2ರ ಹಳೇ ನಿಧಾನ ವೇಗದಲ್ಲಿ. ಎರಡನೆಯದು, ಹಳೇ ಕೇಬಲಿಗೆ ಸಿಕ್ಕಿಸುವ ಎ ಯಿಂದ ಸಿ ಪುಟ್ಟ ಪಿನ್. ಹೆಚ್ಚಿನವು ಚೆನ್ನಾಗಿಯೇ ಇರುತ್ತವೆ. ಆದರೆ ತೀರಾ ಅಗ್ಗದ್ದರಲ್ಲಿ ಯುಎಸ್‌ಬಿ 2ರ ತಂತಿಗಳು ಮಾತ್ರ ಇರುತ್ತವೆ. ಒಳಗೆ ನೀಲಿ ಪ್ಲಾಸ್ಟಿಕ್ ಹಾಕಿದ್ದರೂ ಹಾಗಿರಬಹುದು.

ಪರೀಕ್ಷೆ ಸುಲಭ. 10 ಜಿಬಿಯ ಒಂದೇ ದೊಡ್ಡ ಫೈಲನ್ನು ಡಿಸ್ಕಿನಿಂದ ಲ್ಯಾಪ್‌ಟಾಪಿಗೆ ಕಾಪಿ ಮಾಡಿ. ಸಣ್ಣ ಸಣ್ಣ ಫೈಲುಗಳಿಂದ ವೇಗ ತಿಳಿಯುವುದಿಲ್ಲ. ತೆರೆಯಲ್ಲಿ ಸೆಕೆಂಡಿಗೆ 100 ಎಂಬಿಯ ಆಸುಪಾಸು ಕಂಡರೆ, ಒಳಗೆ ತಟ್ಟೆ ತಿರುಗುವ ಸಾದಾ ಡಿಸ್ಕಿಗೆ ಅದು ಸರಿಯಾದ ವೇಗ. ಒಂದೂವರೆ ನಿಮಿಷ, ಎರಡು ನಿಮಿಷದಲ್ಲಿ ಮುಗಿಯುತ್ತದೆ. 35, 40ರ ಹತ್ತಿರ ಅಂಟಿಕೊಂಡು ಐದು ನಿಮಿಷ ಹಿಡಿದರೆ ನೀವು ಯುಎಸ್‌ಬಿ 2ರಲ್ಲಿ ಇದ್ದೀರಿ. ಡಿಸ್ಕ್ ಹಾಳಾಗಿಲ್ಲ, ಕೇಬಲ್ ಬದಲಿಸಿ. ಲ್ಯಾಪ್‌ಟಾಪ್ ಮತ್ತು ಡಿಸ್ಕ್ ಎರಡನ್ನೂ ಅಂಗಡಿಗೆ ಕೊಂಡುಹೋಗಿ ಅಲ್ಲೇ ಈ ಪರೀಕ್ಷೆ ಮಾಡಿಕೊಂಡರೆ ಮತ್ತೆ ಬಸ್ಸು ಹತ್ತುವ ಕೆಲಸ ತಪ್ಪುತ್ತದೆ.

ಕೇರಳದ ಶಾಲೆಗಳಲ್ಲಿ ಲಿನಕ್ಸ್ ಇರುವ ಲ್ಯಾಪ್‌ಟಾಪುಗಳೇ ಜಾಸ್ತಿ. ಅಲ್ಲಿನ ಮೇಷ್ಟ್ರುಗಳಿಗೆ ಇನ್ನೂ ಸುಲಭ. ಡಿಸ್ಕ್ ಸಿಕ್ಕಿಸಿ ಟರ್ಮಿನಲಿನಲ್ಲಿ ಇಷ್ಟು ಬರೆದರೆ ಸಾಕು:

```
lsusb -t
```

ಡಿಸ್ಕಿನ ಸಾಲಿನ ಕೊನೆಯಲ್ಲಿ `480M` ಎಂದಿದ್ದರೆ ಯುಎಸ್‌ಬಿ 2. `5000M` ಅಥವಾ `10000M` ಎಂದಿದ್ದರೆ ಕೇಬಲ್ ಸರಿ ಇದೆ.

ಇನ್ನೊಂದು ಮಾತು. ಲ್ಯಾಪ್‌ಟಾಪ್ ಚಾರ್ಜಿನ ಸಿ-ಸಿ ಕೇಬಲನ್ನೇ ಹೊಸ ಎಸ್‌ಎಸ್‌ಡಿಗೆ ಹಾಕುವವರಿದ್ದಾರೆ. ಚಾರ್ಜಿಗೆ 240 ವ್ಯಾಟ್ ಹೊರುವ ಕೇಬಲ್ ಕೂಡ ಫೈಲಿನ ವಿಷಯದಲ್ಲಿ ಯುಎಸ್‌ಬಿ 2 ಆಗಿರಬಹುದು. ಚಾರ್ಜಿಂಗ್ ಕೇಬಲುಗಳಲ್ಲಿ ಹೆಚ್ಚಿನವು ಹಾಗೆಯೇ. ವ್ಯಾಟ್ ಬೇರೆ, ಜಿಬಿಪಿಎಸ್ ಬೇರೆ. ಎರಡನ್ನೂ ಕೇಳಿಯೇ ತೆಗೆದುಕೊಳ್ಳಿ.

## ಹಂತ 5: ಮಾನಿಟರ್ ಮತ್ತು ಪ್ರೊಜೆಕ್ಟರ್

ಹಂತ 2ರಲ್ಲಿ `DisplayPort` ಸಿಕ್ಕಿದ್ದರೆ ಮಾತ್ರ ಇದಕ್ಕೆ ಕೈ ಹಾಕಿ.

ವಿಜಿಎ ಮಾನಿಟರನ್ನು ಎಸೆಯಬೇಕಿಲ್ಲ. ಸಿ ಯಿಂದ ವಿಜಿಎಗೆ ಬದಲಿಸುವ ಅಡಾಪ್ಟರ್ ಸಾಕು. ಹಳೇ ನೀಲಿ ಪಿನ್ನಿನ ವಯರ್ ಹಾಗೆಯೇ ಉಳಿಯುತ್ತದೆ. ಮಾನಿಟರಿನಲ್ಲಿ ಎಚ್‌ಡಿಎಂಐ ತೂತೂ ಇದ್ದರೆ ಅದನ್ನೇ ಬಳಸಿ. ಡಿಟಿಪಿಯ ಸಣ್ಣ ಅಕ್ಷರಗಳು ಅದರಲ್ಲಿ ಸ್ವಚ್ಛವಾಗಿ ಕಾಣುತ್ತವೆ.

ಈ ಅಡಾಪ್ಟರುಗಳು ಒಂದೇ ದಿಕ್ಕಿನಲ್ಲಿ ಕೆಲಸ ಮಾಡುತ್ತವೆ. ಸಿ ಯಿಂದ ಎಚ್‌ಡಿಎಂಐಗೆ ಹೋಗುವ ಕೇಬಲನ್ನು ತಿರುಗಿಸಿ, ಹಳೇ ಲ್ಯಾಪ್‌ಟಾಪಿನ ಎಚ್‌ಡಿಎಂಐಯಿಂದ ಹೊಸ ಟೈಪ್ ಸಿ ಮಾನಿಟರಿಗೆ ಹಾಕಿದರೆ ಕಪ್ಪು ತೆರೆಯೇ ಗತಿ. ಅದಕ್ಕೆ ಬೇರೆಯೇ ಸಾಧನ ಬೇಕು.

ಮೊಬೈಲಿನಿಂದ ಟಿವಿಗೆ ಹಾಕಲು ಇದೇ ಕೇಬಲ್ ಕೊಳ್ಳುವವರೂ ಇದ್ದಾರೆ. ಕಡಿಮೆ ಬೆಲೆಯ ಹೆಚ್ಚಿನ ಮೊಬೈಲುಗಳ ಸಿ ಪೋರ್ಟಿನಲ್ಲಿ ಚಿತ್ರ ಹೊರಬರುವುದಿಲ್ಲ. ಮೊದಲು ಮೊಬೈಲಿನ ವಿವರದಲ್ಲಿ ಅದೇ ಪದ ಹುಡುಕಿ.

ಚಿತ್ರ ಬಂದು ಬಂದು ಹೋಗುತ್ತಿದ್ದರೆ ಮೊದಲು ಮಾನಿಟರಿನ ವಯರನ್ನು ತಿರುಚು ಮೊಳೆಯಿಂದ ಬಿಗಿ ಮಾಡಿ. ಆಮೇಲೆ ಅಡಾಪ್ಟರ್ ಮುಟ್ಟಿ ನೋಡಿ. ಬೆಚ್ಚಗಿರುವುದು ಸಹಜ, ಬೆರಳು ಇಡಲಾಗದಷ್ಟು ಬಿಸಿ ಇದ್ದರೆ ವಾಪಸು ಕೊಡಿ.

## ಹಂತ 6: ಉಳಿದ ಸಣ್ಣ ಸಾಮಾನಿಗೆ ಒಂದು ಹಬ್

ಪ್ರಿಂಟರ್, ಮೌಸ್, ಬೆರಳಚ್ಚು ಯಂತ್ರ, ಪೆನ್ ಡ್ರೈವ್ ಯಾವುದಕ್ಕೂ ಹೊಸ ಕೇಬಲ್ ಬೇಡ. ಇವೆಲ್ಲ ಕಡಿಮೆ ವೇಗದಲ್ಲೇ ಸುಖವಾಗಿರುವ ಸಾಧನಗಳು. ಮೂರು ನಾಲ್ಕು ಎ ತೂತು, ಲ್ಯಾನ್, ವಿಜಿಎ ಅಥವಾ ಎಚ್‌ಡಿಎಂಐ ಇರುವ ಒಂದು ಹಬ್ ತಂದರೆ ಹಳೇ ವಯರುಗಳೆಲ್ಲ ಅದಕ್ಕೇ ಸಿಕ್ಕುತ್ತವೆ. ವಿಜಿಎ ಹಬ್ಬಿನಲ್ಲೇ ಇದ್ದರೆ ಹಂತ 5ರ ಅಡಾಪ್ಟರೂ ಬೇಡ.

ಹೆಚ್ಚಿನ ಹಬ್ಬುಗಳಲ್ಲಿ ಚಾರ್ಜರ್ ಸಿಕ್ಕಿಸಲು ಒಂದು ಸಿ ತೂತು ಇರುತ್ತದೆ. ಕರೆಂಟು ಹಬ್ಬಿನ ಮೂಲಕ ಲ್ಯಾಪ್‌ಟಾಪಿಗೆ ಹೋಗುತ್ತದೆ. ನೋಡಲು ಚಂದ, ಒಂದೇ ವಯರಿನಲ್ಲಿ ಎಲ್ಲ ಮುಗಿಯುತ್ತದೆ. ಆದರೆ ಹಬ್ ತನ್ನ ಪಾಲು ಇಟ್ಟುಕೊಂಡೇ ಉಳಿದದ್ದನ್ನು ಕೊಡುವುದು. ಸುಮಾರು 10ರಿಂದ 15 ವ್ಯಾಟ್ ಅದಕ್ಕೆ ಹೋಗುತ್ತದೆ. 65 ವ್ಯಾಟಿನ ಚಾರ್ಜರ್ ಹಾಕಿದರೆ ಲ್ಯಾಪ್‌ಟಾಪಿಗೆ 50ರ ಆಸುಪಾಸು ಸಿಗಬಹುದು. ಆಗ ವಿಂಡೋಸಿನಲ್ಲಿ ಸ್ಲೋ ಚಾರ್ಜರ್ ಎಂಬ ಎಚ್ಚರಿಕೆ ಬಂದರೆ ಆಶ್ಚರ್ಯ ಇಲ್ಲ.

ಇದಕ್ಕಿಂತ ದೊಡ್ಡ ತೊಂದರೆ ಕರೆಂಟು ಹೋಗುವುದು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಎಷ್ಟು ಸಲ ಹೋಗಿ ಬರುತ್ತದೆ ಎಂದು ಹೇಳಬೇಕಿಲ್ಲ ಅಲ್ವಾ. ಹಬ್ಬಿಗೆ ಬರುವ ಕರೆಂಟು ನಿಂತ ಕ್ಷಣದಲ್ಲಿ ಅದು ಲ್ಯಾಪ್‌ಟಾಪಿನಿಂದ ಕರೆಂಟು ತೆಗೆದುಕೊಳ್ಳಲು ತಿರುಗುತ್ತದೆ. ತಿರುಗುವ ಆ ಅರೆಕ್ಷಣ ಅನೇಕ ಹಬ್ಬುಗಳು ತಮ್ಮ ಮೇಲಿರುವ ಎಲ್ಲವನ್ನೂ ಕಳಚಿ ಮತ್ತೆ ಜೋಡಿಸುತ್ತವೆ. ಮೌಸಿಗೆ ಏನೂ ಆಗುವುದಿಲ್ಲ. ಕಾಪಿ ಆಗುತ್ತಿರುವ ಹಾರ್ಡ್ ಡಿಸ್ಕಿಗೆ ಆಗುತ್ತದೆ. ಫೈಲು ಅರ್ಧಕ್ಕೆ ನಿಲ್ಲುತ್ತದೆ, ಕೆಲವೊಮ್ಮೆ ಇಡೀ ಡಿಸ್ಕೇ ಫಾರ್ಮ್ಯಾಟ್ ಮಾಡಿ ಎಂದು ಕೇಳುತ್ತದೆ. ಹಾಗೆ ಕೇಳಿದರೆ ಒಪ್ಪಬೇಡಿ, ತಿಳಿದವರಿಗೆ ತೋರಿಸಿ.

ಹಾಗಾಗಿ ಎರಡು ಪೋರ್ಟಿನ ಲ್ಯಾಪ್‌ಟಾಪಿಗೆ ನನ್ನ ಸಲಹೆ ಇದು. ಚಾರ್ಜರ್ ನೇರವಾಗಿ ಒಂದು ಪೋರ್ಟಿಗೆ. ಸಣ್ಣ ಸಾಮಾನು ಹೊತ್ತ ಹಬ್ ಇನ್ನೊಂದಕ್ಕೆ. ಬ್ಯಾಕಪ್ ತೆಗೆಯುವಾಗ ಚಾರ್ಜರ್ ಕಳಚಿ, ಆ ಪೋರ್ಟಿಗೆ ಡಿಸ್ಕನ್ನು ನೇರ ಹಾಕಿ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡಲಿ. ಆಗ ಕರೆಂಟು ಹೋದರೂ ಡಿಸ್ಕಿಗೆ ಗೊತ್ತೇ ಆಗುವುದಿಲ್ಲ.

ಹಬ್ಬಿನಲ್ಲಿ ಇನ್ನೊಂದು ಕಿರಿಕಿರಿ ಇದೆ. ವೈರ್‌ಲೆಸ್ ಮೌಸಿನ ಪುಟ್ಟ ರಿಸೀವರನ್ನು ಯುಎಸ್‌ಬಿ 3ರ ಪೆನ್ ಡ್ರೈವಿನ ಪಕ್ಕದಲ್ಲೇ ಹಾಕಿದರೆ ಮೌಸ್ ತಡೆದು ತಡೆದು ಓಡುತ್ತದೆ. ಯುಎಸ್‌ಬಿ 3 ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಗದ್ದಲ ಹೊರಡಿಸುತ್ತದೆ. ಮೌಸೂ ಅಲ್ಲೇ ಮಾತಾಡುವುದು. ಜನ ಮೌಸಿನ ಸೆಲ್ ಬದಲಿಸಿ ಬದಲಿಸಿ ಸುಸ್ತಾಗುತ್ತಾರೆ. ರಿಸೀವರನ್ನು ಒಂದು ಗೇಣುದ್ದದ ಎಕ್ಸ್‌ಟೆನ್ಶನ್ ವಯರಿಗೆ ಹಾಕಿ ದೂರ ಇಟ್ಟರೆ ಸರಿಯಾಗುತ್ತದೆ.

ಬೆರಳಚ್ಚು ಯಂತ್ರ ಹಬ್ಬಿನಲ್ಲಿ ದೀಪ ಹೊತ್ತಿಸಿಯೂ ಕೆಲಸ ಮಾಡದಿದ್ದರೆ ವಯರನ್ನು ಬೈಯಬೇಡಿ. ಅದರ ಡ್ರೈವರ್ ಮತ್ತು ಆಧಾರ್ ಕೆಲಸಕ್ಕೆ ಬೇಕಾದ ಆರ್‌ಡಿ ಸರ್ವಿಸ್ ಎಂಬ ಸಾಫ್ಟ್‌ವೇರ್ ಎರಡನ್ನೂ ಹೊಸ ಲ್ಯಾಪ್‌ಟಾಪಿನಲ್ಲಿ ಮತ್ತೆ ಹಾಕಬೇಕು.

ಲ್ಯಾನ್ ವಯರ್ ಬಗ್ಗೆ ಒಂದು ಎಚ್ಚರಿಕೆ. ತುಲಾ ತಿಂಗಳ ಸಂಜೆ ಗುಡುಗು ಶುರುವಾದರೆ ಚಾರ್ಜರ್ ಕಳಚಿದರೆ ಸಾಲದು, ಲ್ಯಾನನ್ನೂ ಹಬ್ಬಿನಿಂದ ಕಳಚಿ. ಮೋಡೆಮಿನ ಅಡಾಪ್ಟರ್ ಹಾದು ಬರುವ ಸಿಡಿಲಿನ ಹೊಡೆತ ಲ್ಯಾನ್ ವಯರಿನಲ್ಲಿ ಹಬ್ಬಿಗೆ, ಹಬ್ಬಿನಿಂದ ಲ್ಯಾಪ್‌ಟಾಪಿನ ಬೋರ್ಡಿಗೆ ಬರಬಹುದು.

## ಹಂತ 7: ಸಿ-ಸಿ ಕೇಬಲಿನಲ್ಲಿ ಚಾರ್ಜ್ ಆಗದ ಸಾಮಾನು

ಎಲ್ಲ ಚಾರ್ಜರನ್ನೂ ಸಿ ಮಾಡಿಕೊಂಡವರಿಗೆ ಬರುವ ಹೊಸ ತಲೆನೋವು ಇದು. ಟ್ರಿಮ್ಮರ್, ನೆಕ್‌ಬ್ಯಾಂಡ್, ಚಾರ್ಜ್ ಲೈಟ್, ಕೈ ಫ್ಯಾನ್ ಎಲ್ಲದರಲ್ಲೂ ಸಿ ತೂತು ಇದೆ. ಹಳೇ ಎ ಯಿಂದ ಸಿ ಕೇಬಲಿನಲ್ಲಿ ಚಾರ್ಜ್ ಆಗುತ್ತಿತ್ತು. ಹೊಸ ಸಿ-ಸಿ ಕೇಬಲ್ ಹಾಕಿದರೆ ಏನೂ ಇಲ್ಲ. ಸಾಮಾನು ಹಾಳಾಯಿತು ಎಂದು ಎಸೆದವರೂ ಇದ್ದಾರೆ.

ಕಾರಣ ಹೀಗೆ. ಹಳೇ ಎ ಚಾರ್ಜರಿನ ಬಾಯಲ್ಲಿ 5 ವೋಲ್ಟ್ ಯಾವಾಗಲೂ ಇರುತ್ತದೆ. ಯಾರು ಬಂದರೂ ಕೊಡುತ್ತದೆ. ಸಿ ಚಾರ್ಜರ್ ಆ ಕಡೆ ನಿಜವಾಗಿ ಒಂದು ಸಾಧನ ಇದೆ ಎಂದು ಗೊತ್ತಾಗುವವರೆಗೆ ಏನೂ ಕೊಡುವುದಿಲ್ಲ. ಗೊತ್ತು ಮಾಡಲು ಸಾಧನದ ಒಳಗೆ 5.1 ಕಿಲೋ ಓಮಿನ ಎರಡು ಪುಟ್ಟ ರೆಸಿಸ್ಟರ್ ಇರಬೇಕು. ಪೈಸೆ ಲೆಕ್ಕದ ಸಾಮಾನು. ಅಗ್ಗದ ಸಾಧನ ಮಾಡುವವರು ಅದನ್ನೇ ಬಿಟ್ಟಿರುತ್ತಾರೆ.

ಇದಕ್ಕೆ ರಿಪೇರಿ ಮಾಡಿಸುವುದರಲ್ಲಿ ಅರ್ಥ ಇಲ್ಲ. ಒಂದು ಹಳೇ ಎ ಚಾರ್ಜರ್ ಮತ್ತು ಒಂದು ಎ ಯಿಂದ ಸಿ ಕೇಬಲನ್ನು ಎಸೆಯದೆ ಇಂಥವುಗಳಿಗೇ ಇಟ್ಟುಕೊಳ್ಳಿ.

ಇದೇ ತಲೆನೋವಿಗೆ ಪರಿಹಾರ ಎಂದು ಇನ್ನೊಂದು ಪಿನ್ ಮಾರುತ್ತಾರೆ. ಒಂದು ಕಡೆ ಎ ಗಂಡು ಪಿನ್, ಇನ್ನೊಂದು ಕಡೆ ಸಿ ತೂತು. ಇದಕ್ಕೆ ಯುಎಸ್‌ಬಿ ನಿಯಮದಲ್ಲೇ ಜಾಗ ಇಲ್ಲ. ಯಾಕೆಂದರೆ ಇಂಥ ಎರಡು ಪಿನ್ನನ್ನು ಒಂದು ಸಿ-ಸಿ ಕೇಬಲಿನ ಎರಡು ತುದಿಗೆ ಹಾಕಿದರೆ ಎರಡೂ ಕಡೆ ಎ ಗಂಡು ಇರುವ ಕೇಬಲ್ ಆಗುತ್ತದೆ. ಅದನ್ನು ಎರಡು ಚಾರ್ಜರಿನ ನಡುವೆ ಯಾರಾದರೂ ಸಿಕ್ಕಿಸಿದರೆ ಒಂದರ ಕರೆಂಟು ಇನ್ನೊಂದಕ್ಕೆ ನುಗ್ಗುತ್ತದೆ. ಮಕ್ಕಳಿರುವ ಮನೆಯಲ್ಲಿ ಅದು ಬೇಡ. ಇದರ ತಿರುಗು ಮುರುಗು, ಅಂದರೆ ಸಿ ಗಂಡು ಪಿನ್ನಿಗೆ ಎ ತೂತು ಇರುವದ್ದು, ಪೆನ್ ಡ್ರೈವ್ ಹಾಕಲು ಬಳಸುತ್ತೇವಲ್ಲ, ಅದಕ್ಕೆ ಏನೂ ತೊಂದರೆ ಇಲ್ಲ.

ಇಯರ್‌ಫೋನ್ ವಿಷಯವೂ ಸ್ವಲ್ಪ ಇದೇ ಥರ. ಉರುಟು ತೂತಿಲ್ಲದ ಮೊಬೈಲಿಗೆ ಸಿ ಯಿಂದ ಇಯರ್‌ಫೋನಿಗೆ ಹೋಗುವ ಅಡಾಪ್ಟರಿನಲ್ಲಿ ಎರಡು ಜಾತಿ. ಒಂದರಲ್ಲಿ ಬರೀ ತಂತಿ, ಇನ್ನೊಂದರಲ್ಲಿ ಶಬ್ದ ಮಾಡುವ ಡಿಎಸಿ ಚಿಪ್. ಡಿಎಸಿ ಇರುವುದನ್ನೇ ಕೇಳಿ.

## ಹಂತ 8: ಒಂದೊಂದಾಗಿ ಜೋಡಿಸಿ, ಒಂದೊಂದಾಗಿ ನೋಡಿ

ಎಲ್ಲವನ್ನೂ ಒಟ್ಟಿಗೆ ಸಿಕ್ಕಿಸಿ ಬಟನ್ ಒತ್ತಬೇಡಿ. ತಪ್ಪು ಎಲ್ಲಿದೆ ಎಂದು ಆಮೇಲೆ ತಿಳಿಯುವುದಿಲ್ಲ.

ಮೊದಲು ಚಾರ್ಜರ್ ಮಾತ್ರ ಹಾಕಿ, ಕೆಲಸ ಮಾಡುತ್ತಲೇ ಬ್ಯಾಟರಿ ಏರುತ್ತದಾ ನೋಡಿ. ಆಮೇಲೆ ಡಿಸ್ಕ್ ನೇರವಾಗಿ ಹಾಕಿ 10 ಜಿಬಿಯ ಪರೀಕ್ಷೆ. ಆಮೇಲೆ ಖಾಲಿ ಹಬ್, ಅದರ ಮೇಲೆ ಮಾನಿಟರ್, ಪ್ರಿಂಟರ್, ಬೆರಳಚ್ಚು ಯಂತ್ರ, ಕೊನೆಗೆ ಲ್ಯಾನ್. ಒಂದು ಹಾಕಿದ ಮೇಲೆ ಮೊದಲಿನದ್ದು ನಿಂತರೆ ಹಬ್ಬಿಗೆ ಕರೆಂಟು ಸಾಲುತ್ತಿಲ್ಲ ಎಂದು ಅರ್ಥ.

`USB device not recognized` ಎಂದು ಬಂದರೆ ಸಿ ಪಿನ್ನನ್ನು ಕಳಚಿ, ತಿರುಗಿಸಿ, ಮಗುಚಿ ಹಾಕಿ. ಟೈಪ್ ಸಿ ಎರಡೂ ಕಡೆಯಿಂದ ನಡೆಯಬೇಕು. ಒಂದು ಮಗ್ಗುಲಲ್ಲಿ ನಡೆದು ಇನ್ನೊಂದರಲ್ಲಿ ನಿಂತರೆ ಒಂದು ಸಾಲಿನ ಪಿನ್ನುಗಳು ಕೈಕೊಟ್ಟಿವೆ. ಬೇರೆ ಕೇಬಲ್ ಹಾಕಿ ನೋಡಿ. ಅದರಲ್ಲೂ ಹಾಗೆಯೇ ಆದರೆ ತೊಂದರೆ ಲ್ಯಾಪ್‌ಟಾಪಿನ ಪೋರ್ಟಿನದ್ದು. ವಾರಂಟಿ ಇರುವಾಗಲೇ ತೋರಿಸಿ.

## ಕೂಡಲೇ ಕಳಚಬೇಕಾದ ಸೂಚನೆಗಳು

ಪಿನ್ನಿನ ತುದಿ ಮುಟ್ಟಲಾಗದಷ್ಟು ಬಿಸಿಯಾದರೆ, ಪ್ಲಾಸ್ಟಿಕ್ ಹಳದಿ ಅಥವಾ ಕಂದು ಬಣ್ಣಕ್ಕೆ ತಿರುಗಿದರೆ, ಸುಟ್ಟ ವಾಸನೆ ಬಂದರೆ ಮೊದಲು ಗೋಡೆಯ ಸ್ವಿಚ್ ಆರಿಸಿ, ಆಮೇಲೆ ಕಳಚಿ. ಆ ಕೇಬಲ್ ಮತ್ತೆ ಬೇಡ.

ಹಾರ್ಡ್ ಡಿಸ್ಕ್ ಟಿಕ್ ಟಿಕ್ ಎಂದು ಸದ್ದು ಮಾಡುತ್ತಾ ಶುರುವಾಗದಿದ್ದರೆ ಅದಕ್ಕೆ ಕರೆಂಟು ಸಾಲುತ್ತಿಲ್ಲದಿರಬಹುದು. ಹಬ್ಬಿನಿಂದ ತೆಗೆದು, ಗಿಡ್ಡ ಕೇಬಲಿನಲ್ಲಿ ನೇರ ಹಾಕಿ ಒಂದು ಸಲ ನೋಡಿ. ಮತ್ತೂ ಅದೇ ಸದ್ದು ಬಂದರೆ ಡಿಸ್ಕೇ ಹೋಗುತ್ತಿರಬಹುದು. ಪದೇ ಪದೇ ಪ್ರಯತ್ನ ಮಾಡಬೇಡಿ.

ಪಿನ್ ಪೂರ್ತಿ ಕೂರದೆ ಅಲುಗಾಡಿದರೆ ಪೋರ್ಟಿನ ತಳದಲ್ಲಿ ನೂಲು, ಧೂಳು ತುಂಬಿರುತ್ತದೆ. ಲ್ಯಾಪ್‌ಟಾಪ್ ಆರಿಸಿ, ಮರದ ಹಲ್ಲುಕಡ್ಡಿಯಿಂದ ಮೆಲ್ಲ ಕೆರೆದು ತೆಗೆಯಿರಿ. ಸೂಜಿ, ಗುಂಡುಪಿನ್ ಖಂಡಿತ ಬೇಡ. ಪೋರ್ಟಿನ ನಡುವಿನ ತೆಳು ನಾಲಿಗೆಯ ಮೇಲೇ ಪಿನ್ನುಗಳಿರುವುದು.

ಕಡಲ ಹತ್ತಿರ ಇರುವವರು, ಕುಂಬಳೆ, ಮಂಜೇಶ್ವರದ ಕಡೆಯವರು, ಕೇಬಲಿನ ತುದಿಯಲ್ಲಿ ಹಸಿರು ಕಿಲುಬು ಕಂಡರೆ ಉಜ್ಜಿ ಬಳಸಬೇಡಿ. ಉಪ್ಪಿನ ಗಾಳಿ, ತೇವ ಸೇರಿ ಆದದ್ದು ಅದು. ಅದೇ ಕಿಲುಬು ಲ್ಯಾಪ್‌ಟಾಪಿನ ಪೋರ್ಟಿಗೂ ಹತ್ತಬಹುದು. ಮೊಬೈಲಿನಲ್ಲಿ ತೇವ ಇದೆ ಎಂಬ ಎಚ್ಚರಿಕೆ ಬಂದರೆ ಫ್ಯಾನಿನ ಕೆಳಗೆ ಪೋರ್ಟ್ ಕೆಳಮುಖವಾಗಿಟ್ಟು ಒಣಗಿಸಿ, ಆಮೇಲೆ ಚಾರ್ಜಿಗೆ ಹಾಕಿ. ಅಕ್ಕಿಯಲ್ಲಿ ಹೂತರೆ ಅಕ್ಕಿಯ ಪುಡಿ ಪೋರ್ಟಿನೊಳಗೆ ಹೋಗುತ್ತದೆ, ಅಷ್ಟೇ.

## ಹಳೇ ಕೇಬಲುಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು

ಪ್ರಿಂಟರಿನ ವಯರ್, ವಿಜಿಎ ವಯರ್, ಲ್ಯಾನ್ ವಯರ್ ಹೇಗೂ ಬಳಕೆಯಲ್ಲಿರುತ್ತವೆ. ಒಂದು ಒಳ್ಳೆಯ ಮೈಕ್ರೋ ಕೇಬಲ್ ಇಡಿ. ಗಿರಾಕಿಯೊಬ್ಬರು ಹಳೇ ಮೊಬೈಲ್ ಹಿಡಿದು "ಇದರಲ್ಲಿರುವ ಆಧಾರ್ ಪ್ರಿಂಟ್ ತೆಗೆಯಿರಿ" ಎಂದು ಬಂದೇ ಬರುತ್ತಾರೆ. ಅದನ್ನು ಹಬ್ಬಿನ ಎ ತೂತಿಗೆ ಹಾಕಿದರಾಯಿತು. ಹಾರ್ಡ್ ಡಿಸ್ಕಿನ ಹಳೇ ಕೇಬಲನ್ನು ಡಿಸ್ಕಿನ ಚೀಲದಲ್ಲೇ ಇಡಿ, ಬೇರೆಯವರ ಹಳೇ ಕಂಪ್ಯೂಟರಿಗೆ ಹಾಕಬೇಕಾಗಬಹುದು. ಹಳೇ ಲ್ಯಾಪ್‌ಟಾಪ್ ಇನ್ನೂ ಓಡುತ್ತಿದ್ದರೆ ಅದರ ಉರುಟು ಪಿನ್ನಿನ ಚಾರ್ಜರ್ ಅದರ ಜೊತೆಗೇ ಇರಲಿ.

ತುಂಡಾದ, ಬಿಸಿಯಾಗುವ, ಕಿಲುಬು ಹಿಡಿದ ಕೇಬಲುಗಳನ್ನು ಎರಡೂ ತುದಿ ಕಳಚಿದ ಮೇಲೆ ನಡುವಿಗೆ ಕತ್ತರಿಸಿ. ಇಲ್ಲದಿದ್ದರೆ ಮನೆಯಲ್ಲಿ ಯಾರಾದರೂ "ಚೆನ್ನಾಗಿಯೇ ಇದೆಯಲ್ಲ" ಎಂದು ಮತ್ತೆ ಹೆಕ್ಕಿ ಸಿಕ್ಕಿಸುತ್ತಾರೆ. ಕತ್ತರಿಸಿದ್ದನ್ನು ಪ್ಲಾಸ್ಟಿಕ್ ಜೊತೆ ಸುಡಬೇಡಿ. ಬೇರೆ ಕಟ್ಟಿಟ್ಟು, ಪಂಚಾಯತಿನ ಹರಿತ ಕರ್ಮ ಸೇನೆಯವರು ಬಂದಾಗ ಇ-ತ್ಯಾಜ್ಯ ಯಾವ ತಿಂಗಳು ತೆಗೆದುಕೊಳ್ಳುತ್ತಾರೆ ಎಂದು ಕೇಳಿ ಕೊಡಿ.